ಒಂದು ಪಫ್‌ನ ನಿಜವಾದ ಅಸಲು ಎಷ್ಟು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಬೇಕರಿಗಳಲ್ಲಿ ಸಂಜೆ ಚಹಾದ ಹೊತ್ತಿಗೆ ಬೇಗ ಖಾಲಿಯಾಗುವ ಮಾಲುಗಳಲ್ಲಿ ವೆಜ್ ಪಫ್ ಒಂದು. ಅಸಲು ಎಷ್ಟು ಬೀಳುತ್ತದೆ ಎಂದು ಮಾಲೀಕರನ್ನು ಕೇಳಿದರೆ, ಮೈದಾ, ಮಾರ್ಗರಿನ್, ಆಲೂಗಡ್ಡೆ ಬೆಲೆ ಕೂಡಿಸಿ, ನೂರರಿಂದ ಭಾಗಿಸಿ, 'ನಾಲ್ಕು ರೂಪಾಯಿ' ಎನ್ನುತ್ತಾರೆ. ಆಲೂಗಡ್ಡೆಯ ಸಿಪ್ಪೆ, ಕಟ್ಟೆಯ ಮೇಲೆ ಉದುರಿಸಿದ ಮೈದಾ, ಓವನ್‌ನಲ್ಲಿ ಕರಕಲಾದ ಪಫ್, ರಾತ್ರಿ ಉಳಿದ ಪಫ್ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಅವನ್ನೂ ಸೇರಿಸಿ ಲೆಕ್ಕ ಹಾಕುವ ಕ್ರಮವನ್ನು ನೂರು ಪಫ್‌ಗಳ ಒಂದು ಉದಾಹರಣೆಯೊಂದಿಗೆ ನೋಡೋಣ. ಇಲ್ಲಿ ಕೊಟ್ಟ ದರಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಬಿಲ್ಲಿನ ದರ ಹಾಕಿಕೊಳ್ಳಿ.

ಮೊದಲು ಚೀಲ, ಆಮೇಲೆ ದರ

ಆಲೂಗಡ್ಡೆಯಿಂದ ಶುರು ಮಾಡಿ, ಏಕೆಂದರೆ ಕೊಂಡ ದರಕ್ಕೂ ಬಳಸುವ ದರಕ್ಕೂ ಅಂತರ ಕಾಣುವುದು ಇಲ್ಲೇ. 50 ಕೆ.ಜಿ. ಚೀಲಕ್ಕೆ 1,250 ರೂಪಾಯಿ ಕೊಟ್ಟಿದ್ದೀರಿ, ಅಂದರೆ ಕೆ.ಜಿ.ಗೆ 25. ಚೀಲ ಬಿಚ್ಚಿ ಆರಿಸಿ. ಕೊಳೆತದ್ದು, ಹಸಿರು ತಿರುಗಿದ್ದು ತೆಗೆದಾಗ 3 ಕೆ.ಜಿ. ಹೋಯಿತು ಎನ್ನೋಣ. ಹಸಿರು ಗಡ್ಡೆಯಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗದು, ಹಾಗಾಗಿ ಉಳಿತಾಯದ ಆಸೆಗೆ ಅದನ್ನು ಪಲ್ಯಕ್ಕೆ ಹಾಕಬೇಡಿ. ಉಳಿದ 47 ಕೆ.ಜಿ.ಯನ್ನು ಬೇಯಿಸಿ ಸಿಪ್ಪೆ ಸುಲಿದು ಮತ್ತೆ ತೂಗಿ. ನೂರರಲ್ಲಿ 12 ಪಾಲು ಸಿಪ್ಪೆಗೆ ಹೋದರೆ ಕೈಗೆ ಸಿಗುವುದು 41.4 ಕೆ.ಜಿ. ಈಗ 1,250 ಅನ್ನು 41.4ರಿಂದ ಭಾಗಿಸಿ. ಕೆ.ಜಿ.ಗೆ 30 ರೂಪಾಯಿ 20 ಪೈಸೆ ಬರುತ್ತದೆ. ನಿಮ್ಮ ಆಲೂಗಡ್ಡೆಯ ದರ ಇದು, 25 ಅಲ್ಲ.

ಉಳ್ಳಾಗಡ್ಡಿಗೂ ಹೀಗೇ ಮಾಡಿ. ಸಿಪ್ಪೆ, ಬೇರು ತೆಗೆದ ಮೇಲೆ 30 ರೂಪಾಯಿಯದು 34ರ ಹತ್ತಿರ ನಿಲ್ಲುತ್ತದೆ. ಒಂದು ಚೀಲದ ಲೆಕ್ಕವನ್ನು ವರ್ಷವಿಡೀ ಬಳಸಬೇಡಿ. ಹೊಸ ಆಲೂಗಡ್ಡೆ ಬಂದಾಗ, ಮಳೆಗಾಲದಲ್ಲಿ ಕೊಳೆಯುವುದು ಹೆಚ್ಚಾದಾಗ ಮತ್ತೊಮ್ಮೆ ತೂಗಿ.

ಮೈದಾದಲ್ಲಿ ಕಳೆಯುವುದು ಕಡಿಮೆ, ಆದರೆ ದಿನವೂ ಕಳೆಯುತ್ತದೆ. ನೂರು ಪಫ್‌ಗೆ ಕಣಕಕ್ಕೆ ಎರಡೂವರೆ ಕೆ.ಜಿ. ಹಾಕಿದರೂ, ಲಟ್ಟಿಸುವಾಗ ಉದುರಿಸುವುದು ಸೇರಿ 2.65 ಕೆ.ಜಿ. ಖರ್ಚಾಗಬಹುದು. ಇದನ್ನು ತಿಳಿಯಲು ಬೆಳಿಗ್ಗೆ ಮೈದಾ ಡಬ್ಬಿ ತೂಗಿ, ಕೆಲಸ ಮುಗಿದ ಮೇಲೆ ಮತ್ತೆ ತೂಗಿದರೆ ಸಾಕು.

ನೂರು ಪಫ್‌ನ ಖರ್ಚು

ಮೈದಾ 2.65 ಕೆ.ಜಿ., ಕೆ.ಜಿ.ಗೆ 38ರಂತೆ 101 ರೂಪಾಯಿ. ಪಫ್ ಮಾರ್ಗರಿನ್ ಒಂದೂಕಾಲು ಕೆ.ಜಿ., 150ರಂತೆ 187 ರೂಪಾಯಿ 50 ಪೈಸೆ. ಪಲ್ಯಕ್ಕೆ ಸುಲಿದ ಆಲೂಗಡ್ಡೆ 2.4 ಕೆ.ಜಿ., ಹೆಚ್ಚಿದ ಉಳ್ಳಾಗಡ್ಡಿ 600 ಗ್ರಾಂ, ಎಣ್ಣೆ, ಮಸಾಲೆ ಸೇರಿ 120 ರೂಪಾಯಿ. ಉಪ್ಪು, ಮೇಲೆ ಹಚ್ಚುವ ಹಾಲು ಇತ್ಯಾದಿಗೆ 13. ಒಟ್ಟು ಸುಮಾರು 421 ರೂಪಾಯಿ, ಅಂದರೆ ಕತ್ತರಿಸಿದ ಒಂದು ಪಫ್‌ಗೆ 4 ರೂಪಾಯಿ 21 ಪೈಸೆ. ಬಿಲ್ಲಿನ ದರವನ್ನೇ ಹಿಡಿದು ಲೆಕ್ಕ ಹಾಕಿದ್ದರೆ 4 ರೂಪಾಯಿ ಬರುತ್ತಿತ್ತು.

ಪಲ್ಯವನ್ನು ಕೈಅಂದಾಜಿಗೆ ತುಂಬಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಂದು ಪಫ್‌ಗೆ 28 ಗ್ರಾಂ ಎಂದು ಗೊತ್ತುಮಾಡಿದ್ದರೆ, ಆಗಾಗ ಹತ್ತು ಉಂಡೆ ಒಟ್ಟಿಗೆ ತೂಗಿ ನೋಡಿ. 280ರ ಬದಲು 330 ಗ್ರಾಂ ಬಂದರೆ, 85 ಪಫ್ ಮುಟ್ಟುವ ಮೊದಲೇ ಪಲ್ಯ ಖಾಲಿಯಾಗುತ್ತದೆ.

ಭಾಗಿಸುವುದು ಯಾವ ಸಂಖ್ಯೆಯಿಂದ?

ಹೆಚ್ಚಿನವರು ತಪ್ಪುವುದು ಇಲ್ಲಿ. ಖರ್ಚನ್ನು ಭಾಗಿಸಬೇಕಾದದ್ದು ಸುಟ್ಟ ಪಫ್‌ಗಳಿಂದಲ್ಲ, ಮಾರಾಟವಾದ ಪಫ್‌ಗಳಿಂದ. ಒಂದು ನೋಟ್‌ಬುಕ್ ಇಟ್ಟು ಏಳು ದಿನ ಐದು ಸಂಖ್ಯೆ ಬರೆಯಿರಿ: ಕತ್ತರಿಸಿದ್ದು, ಓವನ್‌ನಲ್ಲಿ ಕೆಟ್ಟಿದ್ದು, ಕೆಲಸದವರು ತಿಂದದ್ದು, ರಾತ್ರಿ ಉಳಿದದ್ದು, ಮಾರಿದ್ದು. ವಾರಕ್ಕೆ 700 ಕತ್ತರಿಸಿ, 21 ಕರಕಲಾಗಿ ಅಥವಾ ಬಾಯಿಬಿಟ್ಟು ಹೋಗಿ, 14 ಕೆಲಸದವರ ಚಹಾದ ಜೊತೆ ಖರ್ಚಾಗಿ, 56 ರಾತ್ರಿ ಉಳಿದರೆ, ಮಾರಿದ್ದು 609.

ವಾರದ ಖರ್ಚು 2,947. ಅದನ್ನು 609ರಿಂದ ಭಾಗಿಸಿದರೆ 4 ರೂಪಾಯಿ 84 ಪೈಸೆ. ಮಾಲೀಕರು ಹೇಳುವ ನಾಲ್ಕು ರೂಪಾಯಿಗೂ ಇದಕ್ಕೂ ಪಫ್‌ಗೆ 84 ಪೈಸೆಯ ಅಂತರ, ವಾರಕ್ಕೆ 511 ರೂಪಾಯಿ. 'ನೂರಕ್ಕೆ 13 ಹಾಳಾಗುತ್ತದೆ, ಅಸಲಿಗೆ 13 ಪರ್ಸೆಂಟ್ ಕೂಡಿಸುತ್ತೇನೆ' ಎಂದರೆ 4 ರೂಪಾಯಿ 76 ಪೈಸೆ ಬರುತ್ತದೆ, ಅದು ಕಡಿಮೆಯಾಯಿತು. 13 ಹಾಳಾದರೆ ಉಳಿದ 87 ಪಫ್‌ಗಳು ನೂರರ ಖರ್ಚು ಹೊರಬೇಕು, ಆದ್ದರಿಂದ 0.87ರಿಂದ ಭಾಗಿಸಲೇಬೇಕು.

ಗ್ಯಾಸ್, ಕೂಲಿ, ಬಾಡಿಗೆ ಇದರ ಮೇಲೆ ಬರುತ್ತವೆ. ಅವನ್ನೂ ಮಾರಾಟವಾದ ಸಂಖ್ಯೆಯಿಂದಲೇ ಭಾಗಿಸಿ.

ಏಕೆ ಕೆಟ್ಟಿತು ಎಂದೂ ಬರೆಯಿರಿ

ಸಂಖ್ಯೆಯ ಪಕ್ಕ ಒಂದೇ ಪದದಲ್ಲಿ ಕಾರಣ ಬರೆದರೆ ನೋಟ್‌ಬುಕ್ ಮಾತಾಡತೊಡಗುತ್ತದೆ. ಕರಕಲು ಯಾವಾಗಲೂ ಟ್ರೇಯ ಒಂದೇ ಮೂಲೆಯಲ್ಲಿದ್ದರೆ, ಓವನ್‌ನ ಆ ಬದಿಯಲ್ಲಿ ಶಾಖ ಹೆಚ್ಚು. ಅರ್ಧ ಬೆಂದಾಗ ಟ್ರೇ ತಿರುಗಿಸಿ. ಪಫ್ ಉಬ್ಬದೆ ಚಪ್ಪಟೆಯಾಗಿ, ಟ್ರೇಯಲ್ಲಿ ಜಿಡ್ಡು ನಿಂತಿದ್ದರೆ, ಲಟ್ಟಿಸುವಾಗಲೇ ಮಾರ್ಗರಿನ್ ಕರಗಿ ಕಣಕದಲ್ಲಿ ಇಂಗಿದೆ ಎಂದರ್ಥ, ಪದರ ನಿಂತಿಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಇದು ಹೆಚ್ಚು. ಆಗ ಮಡಿಕೆ ಹಾಕುವ ಕೆಲಸವನ್ನು ಬೆಳಗಿನ ಜಾವಕ್ಕೆ ತಂದು, ಮಡಿಕೆಗಳ ನಡುವೆ ಕಣಕವನ್ನು ಫ್ರಿಜ್‌ನಲ್ಲಿಡಬೇಕು. ಬೇಸಿಗೆಯ ಅಸಲು ಬೇರೆ, ಚಳಿಗಾಲದ ಅಸಲು ಬೇರೆ ಎಂದು ಎರಡು ಲೆಕ್ಕ ಇಟ್ಟರೆ ಇನ್ನೂ ಒಳ್ಳೆಯದು.

ಉಳಿದ ಬ್ರೆಡ್ಡನ್ನು, ಬೂಸ್ಟು ಬಂದಿರದಿದ್ದರೆ, ಟೋಸ್ಟ್ ಮಾಡಬಹುದು, ಹಾಗಾಗಿ ಬ್ರೆಡ್ಡಿನ ನಷ್ಟದಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಪಲ್ಯದ ಪಫ್‌ಗೆ ಆ ದಾರಿಯಿಲ್ಲ. ಬೇಯಿಸಿದ ಆಲೂಗಡ್ಡೆ ಸೆಕೆಯಲ್ಲಿ ಬೇಗ ಹಳಸುತ್ತದೆ. ಉಳಿದ ಪಫ್ ಪೂರ್ತಿ ನಷ್ಟವೆಂದೇ ಬರೆಯಿರಿ.

ಹಾಗಾದರೆ ಎಷ್ಟು ಸುಡಬೇಕು?

ರಾತ್ರಿ ಟ್ರೇ ಪೂರ್ತಿ ಖಾಲಿಯಾದರೆ ಖುಷಿಪಡುವವರಿದ್ದಾರೆ. ಅದು ಯಾವಾಗಲೂ ಲಾಭದ ಗುರುತಲ್ಲ. ಕೌಂಟರ್‌ನಲ್ಲಿ ಪಫ್ 15 ರೂಪಾಯಿ ಎಂದಿಟ್ಟುಕೊಳ್ಳಿ. ಓವನ್‌ನಲ್ಲಿ ಕೆಟ್ಟವನ್ನು ಬಿಟ್ಟು ಕೌಂಟರ್‌ಗೆ ಬಂದ ಪಫ್‌ಗೆ ಸಾಮಾನಿನ ಖರ್ಚು 4 ರೂಪಾಯಿ 34 ಪೈಸೆ. ಉಳಿದರೆ ಅಷ್ಟು ಹೋಯಿತು, ಆದರೆ ಗಿರಾಕಿ ಬಂದಾಗ ಇಲ್ಲದಿದ್ದರೆ ಹತ್ತು ರೂಪಾಯಿಗೂ ಹೆಚ್ಚು ಹೋಯಿತು. ಆದ್ದರಿಂದ ಇನ್ನೊಂದು ಪಫ್ ಹತ್ತು ದಿನದಲ್ಲಿ ಮೂರು ದಿನ ಮಾರಾಟವಾಗುವಂತಿದ್ದರೂ ಸುಡುವುದೇ ಸರಿ. ಒಂದೇ ಸಲ ನೂರು ಸುಡದೆ, ಅರ್ಧವನ್ನು ಸಂಜೆ ನಾಲ್ಕಕ್ಕೆ, ಆ ದಿನದ ಓಟ ನೋಡಿ ಸುಟ್ಟರೆ ಉಳಿಯುವುದೂ ಕಡಿಮೆ, ಗಿರಾಕಿಗೆ ಬಿಸಿಯೂ ಸಿಗುತ್ತದೆ.

ವಳಕಮದಿನ್ನಿಯಂಥ ಹಳ್ಳಿಗಳ ಅಂಗಡಿಗಳಿಗೆ ಲೈನ್ ಮೇಲೆ ಕಳಿಸುವ ಮಾಲಿಗೆ ಈ ಲೆಕ್ಕ ಬದಲಾಗುತ್ತದೆ. 40 ಕಳಿಸಿ, ದಾರಿಯಲ್ಲಿ ಪುಡಿಯಾದದ್ದು, ವಾಪಸ್ ಬಂದದ್ದು ಸೇರಿ 9 ಹೋದರೆ, ಮಾರಿದ 31ರ ಮೇಲೆ ಅಸಲು 5 ರೂಪಾಯಿ 60 ಪೈಸೆ ಬೀಳುತ್ತದೆ, ಡೀಸೆಲ್ ಬೇರೆ. ಅಂಗಡಿಗೆ ಕೊಡುವುದೋ 10 ರೂಪಾಯಿಗೆ. ಅಲ್ಲಿಗೆ ಕಳಿಸುವ ಕೊನೆಯ ಪಫ್ ಹತ್ತು ದಿನದಲ್ಲಿ ಐದು ದಿನವಾದರೂ ಮಾರಾಟವಾಗದಿದ್ದರೆ ಕಳಿಸಬೇಡಿ. ನಾಟಿ, ಕೊಯ್ಲಿನ ದಿನಗಳಲ್ಲಿ ಊರೇ ಗದ್ದೆಯಲ್ಲಿರುತ್ತದೆ, ಮಾರಾಟದ ಹೊತ್ತೂ ಬದಲಾಗುತ್ತದೆ. ಹಾಗಾಗಿ ಪ್ರತಿ ಅಂಗಡಿಗೆ ನೋಟ್‌ಬುಕ್‌ನಲ್ಲಿ ಒಂದು ಪುಟ ಬಿಟ್ಟು, ಕಳಿಸಿದ್ದು ಮತ್ತು ವಾಪಸ್ ಬಂದದ್ದನ್ನು ವಾರವಾರ ಬರೆದು, ಮುಂದಿನ ವಾರದ ಟ್ರೇಯನ್ನು ಆ ಪುಟ ನೋಡಿಯೇ ತುಂಬಿ.