ಬಿಟ್ಟ ಗೋಧಿಯು ಮರಳಿ ಬರುವ ದಾರಿಗಳು

ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿರಿಯರು ಜೋಳದ ರೊಟ್ಟಿ ಉಂಡವರು. ಈಗ ಮನೆಯಲ್ಲಿ ಬೆಳಿಗ್ಗೆ ಪಾವ್, ರಾತ್ರಿ ಚಪಾತಿ. ಒಂಬತ್ತು ವರ್ಷದ ಮಗಳು ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಪದೇ ಪದೇ ಹೊಟ್ಟೆನೋವು, ಭೇದಿ. ಕಬ್ಬಿಣದ ಔಷಧ ಕೊಟ್ಟರೂ ರಕ್ತಹೀನತೆ ಹೋಗಲಿಲ್ಲ. ವೈದ್ಯರು ರಕ್ತದಲ್ಲಿನ ಪ್ರತಿಕಾಯ ಪರೀಕ್ಷಿಸಿ ಸೀಲಿಯಾಕ್ ರೋಗವೆಂದು ಗುರುತಿಸಿದರು.

ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಈ ರೋಗಿಗಳ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಅದರಿಂದ ಸಣ್ಣ ಕರುಳಿನ ಒಳಪದರವು ಸವೆದು, ಉಂಡ ಆಹಾರದ ಸತ್ವವು ದೇಹಕ್ಕೆ ಸೇರುವುದಿಲ್ಲ. ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಇದಕ್ಕೆ ಔಷಧವಿಲ್ಲ, ಜೀವನವಿಡೀ ಗ್ಲುಟೆನ್ ವರ್ಜಿಸುವುದೇ ಚಿಕಿತ್ಸೆ. ಆದರೆ ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಿಸಬಾರದು. ಬಿಡಿಸಿದರೆ ಪ್ರತಿಕಾಯಗಳು ಇಳಿದು, ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ತಾಯಿಯು ಮಗಳಿಗೆ ಚಪಾತಿ, ಪಾವ್, ರವೆ ಉಪ್ಪಿಟ್ಟು, ಶಾವಿಗೆಗಳನ್ನು ನಿಲ್ಲಿಸಿ ಅನ್ನ ಮತ್ತು ಜೋಳದ ರೊಟ್ಟಿಯನ್ನು ಕೊಡತೊಡಗಿದಳು. ಆರು ತಿಂಗಳಾದರೂ ಹೊಟ್ಟೆನೋವು ನಿಲ್ಲಲಿಲ್ಲ. ಪ್ರತಿಕಾಯದ ಮಟ್ಟವೂ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಗ್ಲುಟೆನ್ ಎಲ್ಲಿಂದಲೋ ಸೇರುತ್ತಿದೆ ಎಂಬುದಕ್ಕೆ ಇದೇ ಸೂಚನೆ. ಹುಡುಕಿದಾಗ ಮೂರು ದಾರಿಗಳು ಕಂಡವು.

ಮೊದಲನೆಯದು ಗಿರಣಿ. ಜೋಳದಲ್ಲಿ ಗ್ಲುಟೆನ್ ಇಲ್ಲ; ಆದರೆ ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳವನ್ನು ಬೀಸಿದಾಗ ಹಿಟ್ಟು ಬೆರೆಯುತ್ತದೆ. ಗೋಧಿ ಬೀಸದ ಗಿರಣಿಯನ್ನು ಹುಡುಕುವುದು, ಇಲ್ಲವೇ ಜೋಳವನ್ನು ಆರಿಸಿ, ತೊಳೆದು, ಒಣಗಿಸಿ, ಗೋಧಿ ಸೋಕದ ಮಿಕ್ಸಿಯಲ್ಲಿ ಪುಡಿಮಾಡುವುದು ಪರಿಹಾರ.

ಎರಡನೆಯದು ಇಂಗು. ಅಂಗಡಿಯ ಡಬ್ಬಿಗಳಲ್ಲಿ ದೊರೆಯುವ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಸಾರಿನ ಒಗ್ಗರಣೆಯ ಮೂಲಕ ಅದು ಪ್ರತಿದಿನವೂ ಅನ್ನಕ್ಕೆ ಬೀಳುತ್ತಿತ್ತು. ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯನ್ನು ಓದಿ, ಅಕ್ಕಿಹಿಟ್ಟು ಬೆರೆಸಿದ್ದನ್ನು ಕೊಳ್ಳಬೇಕು. ಜವೆಯ ಮಾಲ್ಟ್ ಇರುವ ಪೇಯದ ಪುಡಿಗಳನ್ನೂ ಹೀಗೆಯೇ ಪರಿಶೀಲಿಸಬೇಕು.

ಮೂರನೆಯದು ಒಂದೇ ತವಾ. ಮೊದಲು ಚಪಾತಿ ಬೇಯಿಸಿ, ಅದರ ಮೇಲೆಯೇ ಮಗಳ ರೊಟ್ಟಿ ಹಾಕಲಾಗುತ್ತಿತ್ತು. ಲಟ್ಟಿಸುವಾಗ ಹಾರಿದ ಹಿಟ್ಟು ಅವಳ ತಟ್ಟೆಗೂ ಬೀಳುತ್ತಿತ್ತು. ಅವಳಿಗೆ ಬೇರೆ ತವಾ, ಬೇರೆ ಡಬ್ಬಿ ಇಟ್ಟು, ಅವಳ ಅಡುಗೆಯನ್ನು ಮೊದಲು ಮುಗಿಸಿ ಮುಚ್ಚಿಡುವುದು ರೂಢಿಯಾಯಿತು. ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳವನ್ನು ಕರಿಯುವುದೂ ನಿಂತಿತು.

ಭಾರತದ ಆಹಾರ ನಿಯಮದಂತೆ 'ಗ್ಲುಟೆನ್ ರಹಿತ' ಎಂದು ಮುದ್ರಿಸಿದ ಆಹಾರದಲ್ಲಿ ಪ್ರತಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಈ ಮಿತಿ ಎಷ್ಟು ಸಣ್ಣದೆಂಬುದನ್ನು ನೋಡಿದರೆ, ಚಿಟಿಕೆ ಇಂಗನ್ನೂ ಏಕೆ ಲೆಕ್ಕಿಸಬೇಕೆಂಬುದು ತಿಳಿಯುತ್ತದೆ.

ಶಾಲೆಯಲ್ಲಿ ಬಿಸಿಯೂಟಕ್ಕೆ ಪಾವ್-ಭಾಜಿ ಬಂದ ದಿನ ಪಾವ್ ತೆಗೆದು ಭಾಜಿ ಮಾತ್ರ ಬಡಿಸುವುದು ಸಾಲದು. ಭಾಜಿಯ ಸೌಟು ಪಾವಿಗೆ ತಾಗಿರಬಹುದು, ಒಗ್ಗರಣೆಯಲ್ಲಿ ಇಂಗಿರಬಹುದು. ಅಂಥ ಮಗು ಮನೆಯಿಂದ ತಂದ ಬುತ್ತಿಯನ್ನೇ ಉಣ್ಣುವಂತೆಯೂ, ಗೆಳತಿಯರೊಡನೆ ಬಿಸ್ಕತ್ತು ಹಂಚಿಕೊಳ್ಳದಂತೆಯೂ ಶಿಕ್ಷಕರು ನೋಡಿಕೊಳ್ಳಬೇಕು. ಆದರೆ ಅವಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸಬಾರದು.

ಅಭ್ಯಾಸ: ಮಕ್ಕಳು ತಮ್ಮ ಮನೆಯ ಐದು ಪೊಟ್ಟಣಗಳ ಘಟಕಪಟ್ಟಿಯನ್ನು ಬರೆದು ತಂದು, ಗೋಧಿ, ಮೈದಾ, ರವೆ, ಜವೆ, ಮಾಲ್ಟ್ ಎಂಬ ಪದಗಳಿಗೆ ಗೆರೆ ಎಳೆಯಲಿ.