ಪ್ಯಾಕೆಟಿನ ಲೇಬಲನ್ನು ಕನ್ನಡಕ್ಕೆ ತರುವುದು ಹೇಗೆ? ಒಂದು ಚಕ್ಕುಲಿ ಪ್ಯಾಕೆಟಿನ ಪಾಠ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಸ್ವಸಹಾಯ ಸಂಘಗಳಲ್ಲಿ ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವವರು ಅನೇಕರಿದ್ದಾರೆ. ಪ್ಯಾಕೆಟಿನ ಮೇಲಿನ ವಿವರ ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ. ಅದರ ಜೊತೆಗೆ ಕನ್ನಡವನ್ನೂ ಹಾಕಬಹುದು. ಆದರೆ ಒಂದು ಷರತ್ತಿದೆ: ಒಂದು ಭಾಷೆಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಇನ್ನೊಂದು ಭಾಷೆಯಲ್ಲಿ ಬರೆಯಬಾರದು. ಕನ್ನಡದ ಸಾಲು ತಪ್ಪಿದರೆ ಅದು ಬರೀ ಭಾಷೆಯ ತಪ್ಪಲ್ಲ, ಲೇಬಲಿನದ್ದೇ ತಪ್ಪು.

ಇಂಗ್ಲಿಷ್ ಓದಲು ಬಾರದ ಅಜ್ಜಿ ಮೊಮ್ಮಗನಿಗೆ ತಿಂಡಿ ಕೊಡುವಾಗ ನೋಡುವುದು ಕನ್ನಡದ ಸಾಲನ್ನು ಮಾತ್ರ. ಆದ್ದರಿಂದ ಈ ಪಾಠದಲ್ಲಿ ಅಕ್ಕಿ ಚಕ್ಕುಲಿಯ ಒಂದು ಲೇಬಲನ್ನು ತೆಗೆದುಕೊಂಡು ಸಾಲು ಸಾಲಾಗಿ ಕನ್ನಡಕ್ಕೆ ತರೋಣ. ಇದು ಕಲಿಯಲಿಕ್ಕಾಗಿ ನಾವೇ ಮಾಡಿಕೊಂಡ ಮಾದರಿ.

1. ಮೊದಲು ತಕ್ಕಡಿ, ಆಮೇಲೆ ಪೆನ್ನು

ಪದಾರ್ಥಗಳ ಪಟ್ಟಿಯನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ. ತಯಾರಿಸುವಾಗ ಯಾವುದು ಹೆಚ್ಚು ತೂಕ ಇತ್ತೋ ಅದು ಮೊದಲು, ಕಡಿಮೆ ತೂಕದ್ದು ಕೊನೆಗೆ. ಇಂಗ್ಲಿಷಿನಲ್ಲಿರುವ ಕ್ರಮವೇ ಕನ್ನಡದಲ್ಲೂ ಇರಬೇಕು.

ಒಂದು ಸಲದ ಲೆಕ್ಕ ನೋಡಿ. ಅಕ್ಕಿ ಹಿಟ್ಟು 5 ಕಿಲೋ, ಉದ್ದಿನ ಹಿಟ್ಟು 1 ಕಿಲೋ, ಎಳ್ಳು 150 ಗ್ರಾಂ, ಉಪ್ಪು 120 ಗ್ರಾಂ, ಮೆಣಸಿನ ಪುಡಿ 60 ಗ್ರಾಂ, ಇಂಗು 20 ಗ್ರಾಂ. ಎಣ್ಣೆ ಎಷ್ಟು? ಬಾಣಲೆಗೆ ಹಾಕುವ ಮೊದಲು ತೂಗಿದಾಗ 6 ಕಿಲೋ ಇತ್ತು, ಎಲ್ಲಾ ಕರಿದು ಮುಗಿದ ಮೇಲೆ 4 ಕಿಲೋ 200 ಗ್ರಾಂ ಉಳಿಯಿತು ಎಂದಿಟ್ಟುಕೊಳ್ಳಿ. ಹಾಗಾದರೆ ಸುಮಾರು 1 ಕಿಲೋ 800 ಗ್ರಾಂ ಎಣ್ಣೆ ಚಕ್ಕುಲಿಯೊಳಗೆ ಹೋಗಿದೆ. ಆದ್ದರಿಂದ ಪಟ್ಟಿಯಲ್ಲಿ ಎಣ್ಣೆ ಉದ್ದಿಗಿಂತ ಮುಂಚೆ, ಎರಡನೆಯದಾಗಿ ಬರಬೇಕು. "ಎಣ್ಣೆ ಕರಿಯಲಿಕ್ಕೆ ಮಾತ್ರ ಅಲ್ವಾ ಸಿಸ್ಟರ್" ಎಂದು ಅದನ್ನು ಕೊನೆಗೆ ತಳ್ಳುವವರಿದ್ದಾರೆ. ಚಕ್ಕುಲಿ ಕುಡಿದ ಎಣ್ಣೆಯನ್ನು ತಿನ್ನುವವರು ತಿಂದೇ ತಿನ್ನುತ್ತಾರೆ.

2. "ಗ್ರಾಂ" ಎಂದರೆ ಎಲ್ಲವೂ ಕಡಲೆಯಲ್ಲ

ಈಗ ಹೆಸರುಗಳಿಗೆ ಬರೋಣ. ಇಂಗ್ಲಿಷಿನ "ಬ್ಲ್ಯಾಕ್ ಗ್ರಾಂ" ಎಂಬುದನ್ನು "ಕಪ್ಪು ಕಡಲೆ" ಎಂದು ಬರೆದುಬಿಡುವುದು ಸುಲಭ. ಅದು ತಪ್ಪು. ಬ್ಲ್ಯಾಕ್ ಗ್ರಾಂ ಎಂದರೆ ಉದ್ದು. ಗ್ರೀನ್ ಗ್ರಾಂ ಹೆಸರುಕಾಳು, ಹಾರ್ಸ್ ಗ್ರಾಂ ಹುರುಳಿ, ರೆಡ್ ಗ್ರಾಂ ತೊಗರಿ. ಬೆಂಗಾಲ್ ಗ್ರಾಂ ಮಾತ್ರ ನಮ್ಮ ಕಡಲೆ.

ಇದಕ್ಕಿಂತ ಅಪಾಯದ ಗೊಂದಲ "ಕಡಲೆ" ಎಂಬ ಶಬ್ದದಲ್ಲೇ ಇದೆ. ಕಡಲೆ ಹಿಟ್ಟು ಎಂದರೆ ಕಡಲೆಬೇಳೆಯ ಹಿಟ್ಟು. ಆದರೆ ಅಂಗಡಿಯಲ್ಲಿ ಕಡಲೆ ಎಣ್ಣೆ ಎಂದರೆ ನೆಲಗಡಲೆಯ ಎಣ್ಣೆ. ಹುರಿಗಡಲೆ ಕಡಲೆಯ ಜಾತಿಯದ್ದು, ಕಡಲೆಬೀಜ ಮತ್ತು ಕಡಲೆಕಾಯಿ ನೆಲಗಡಲೆ. ಮಾತಾಡುವಾಗ ಸಂದರ್ಭ ನೋಡಿ ನಮಗೆ ಅರ್ಥವಾಗುತ್ತದೆ. ಪ್ಯಾಕೆಟಿಗೆ ಸಂದರ್ಭ ಇಲ್ಲ, ಅಲ್ಲಿ ಇರುವುದು ಅಕ್ಷರ ಮಾತ್ರ.

ನೆಲಗಡಲೆಯ ಅಲರ್ಜಿ ಇರುವ ಮಗುವಿಗೆ ಒಂದೆರಡು ಕಾಳು ಹೊಟ್ಟೆಗೆ ಹೋದರೂ ಸಾಕು. ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು ಏಳಬಹುದು, ತುಟಿ ಮತ್ತು ಮುಖ ಊದಬಹುದು, ಉಸಿರು ಕಟ್ಟಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು, ಮನೆಮದ್ದಿಗೆ ಕಾಯಬಾರದು. ಆದ್ದರಿಂದ "ಪೀನಟ್" ಅಥವಾ "ಗ್ರೌಂಡ್‌ನಟ್" ಎಂದಿದ್ದಲ್ಲಿ ಬರೀ "ಕಡಲೆ" ಎಂದು ಎಂದಿಗೂ ಬರೆಯಬಾರದು. "ನೆಲಗಡಲೆ (ಶೇಂಗಾ)" ಎಂದು ಎರಡು ಹೆಸರನ್ನೂ ಹಾಕಿದರೆ ನಮ್ಮ ಊರಿನವರಿಗೂ ಘಟ್ಟದ ಮೇಲಿನವರಿಗೂ ತಿಳಿಯುತ್ತದೆ. ಹಾಗೆಯೇ "ಕ್ಯಾಶ್ಯೂ" ಎಂದಿದ್ದರೆ "ಗೇರುಬೀಜ (ಗೋಡಂಬಿ)" ಎಂದು ಬರೆಯಿರಿ. ನಮ್ಮಲ್ಲಿ "ಬೀಜ" ಎಂದರೆ ಸಾಕು, ಬೇರೆ ಊರಿನವರಿಗೆ ಅದು ಸಾಲದು.

ಇನ್ನೊಂದು ಸಣ್ಣ ಮಾತು. "ವೆಜಿಟೇಬಲ್ ಆಯಿಲ್" ಎಂದರೆ ತರಕಾರಿ ಎಣ್ಣೆಯಲ್ಲ, ಸಸ್ಯಜನ್ಯ ಎಣ್ಣೆ. ಅದರ ಪಕ್ಕದಲ್ಲಿ ಯಾವ ಎಣ್ಣೆ ಎಂಬ ಹೆಸರೂ ಇರಲಿ.

3. ಇಂಗಿನೊಳಗೆ ಅಡಗಿದ ಗೋಧಿ

ಅಕ್ಕಿ, ಉದ್ದು, ಎಳ್ಳು, ಇದರಲ್ಲಿ ಗೋಧಿ ಎಲ್ಲಿದೆ? ಇಂಗಿನಲ್ಲಿದೆ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಶುದ್ಧ ಇಂಗಲ್ಲ. ಅದು "ಕಾಂಪೌಂಡೆಡ್" ಇಂಗು, ಅಂದರೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾಡಿದ್ದು. ಆ ಹಿಟ್ಟು ಎಷ್ಟೋ ಸಲ ಗೋಧಿ ಹಿಟ್ಟು ಅಥವಾ ಮೈದಾ. ಮೈದಾ ಕೂಡಾ ಗೋಧಿಯೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರೆ ಇದು ಗೊತ್ತಾಗುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ.

ಕೆಲವರಿಗೆ ಗೋಧಿಯ ಅಲರ್ಜಿ ಇರುತ್ತದೆ. ಇನ್ನು ಕೆಲವರಿಗೆ ಸೀಲಿಯಾಕ್ ಎಂಬ ಕಾಯಿಲೆ ಇರುತ್ತದೆ. ಇದು ಅಲರ್ಜಿಯಲ್ಲ, ಆದರೆ ಗೋಧಿಯಲ್ಲಿರುವ ಗ್ಲುಟನ್ ಅವರ ಸಣ್ಣ ಕರುಳನ್ನು ಕೆಡಿಸುತ್ತದೆ. ಇಂಥವರೇ "ಅಕ್ಕಿ ಚಕ್ಕುಲಿ" ಎಂಬ ಹೆಸರು ನೋಡಿ ನಂಬಿಕೆಯಿಂದ ಕೊಂಡುಕೊಳ್ಳುವವರು. ಇಂಗು 20 ಗ್ರಾಂ ಮಾತ್ರ ಎಂದು ಗೋಧಿಯ ಹೆಸರು ಬಿಡುವಂತಿಲ್ಲ. ಕನ್ನಡದಲ್ಲಿ ಬರೀ "ಇಂಗು" ಎಂದು ಬರೆದರೆ ಗೋಧಿ ಮತ್ತೆ ಅಡಗುತ್ತದೆ. "ಇಂಗು (ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು)" ಎಂದು ಒಳಗಿನದ್ದನ್ನೂ ಹೊರಗೆ ತರಬೇಕು. ಆವರಣದೊಳಗಿನ ಕ್ರಮ ನೀವು ತಂದ ಡಬ್ಬಿಯಲ್ಲಿ ಇದ್ದ ಹಾಗೆಯೇ ಇರಲಿ. "ಗೋಂದು" ಎಂದಷ್ಟೇ ಬರೆದರೆ ಕಾಗದ ಅಂಟಿಸುವ ಗೋಂದು ಎಂದು ಹೆದರುವವರಿದ್ದಾರೆ, ಆದ್ದರಿಂದ "ಖಾದ್ಯ" ಎಂಬುದು ಅಗತ್ಯ.

ಇಂಗಿನ ಕಂಪೆನಿ ಬದಲಾಯಿಸಿದ ದಿನ ಲೇಬಲನ್ನೂ ಮತ್ತೆ ನೋಡಬೇಕು. ಹಳೆಯ ಲೇಬಲ್ ಸಾವಿರ ಉಳಿದಿದೆ ಎಂದು ಅದನ್ನೇ ಅಂಟಿಸುವುದು ಸರಿಯಲ್ಲ.

4. "ಇದೆ" ಬೇರೆ, "ಇರಬಹುದು" ಬೇರೆ

ಅಲರ್ಜಿ ಸೂಚನೆಯಲ್ಲಿ ಎರಡು ಮಾತುಗಳಿವೆ. "ಕಂಟೇನ್ಸ್" ಎಂದರೆ ನಾವು ಬೇಕೆಂದೇ ಹಾಕಿದ್ದೇವೆ ಎಂದರ್ಥ. ಕನ್ನಡದಲ್ಲಿ "ಇದೆ". "ಮೇ ಕಂಟೇನ್" ಎಂದರೆ ನಾವು ಹಾಕಿಲ್ಲ, ಆದರೆ ಅದೇ ಜಾಗದಲ್ಲಿ ಬೇರೆ ತಿಂಡಿ ಮಾಡುವುದರಿಂದ ತಾಗಿರಬಹುದು ಎಂದರ್ಥ. ಕನ್ನಡದಲ್ಲಿ "ಇರಬಹುದು". ನಮ್ಮ ಮಾದರಿಯಲ್ಲಿ ಅದೇ ಅಡುಗೆಮನೆಯಲ್ಲಿ ನೆಲಗಡಲೆ ಹಾಕಿದ ಮಿಕ್ಸ್ಚರ್ ಕೂಡಾ ಮಾಡುತ್ತಾರೆ. ಆದ್ದರಿಂದ ಗೋಧಿ "ಇದೆ", ನೆಲಗಡಲೆ "ಇರಬಹುದು". ಎರಡನ್ನೂ ಸೇರಿಸಿ "ಅಲರ್ಜಿ: ಗೋಧಿ, ನೆಲಗಡಲೆ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ಇರಬಹುದು" ಎಂದು ಬರೆದ ಮಾತ್ರಕ್ಕೆ ಬಾಣಲೆ, ಜರಡಿ ತೊಳೆಯದೆ ಬಿಡಬಹುದು ಎಂದೂ ಅಲ್ಲ.

"ಅಲರ್ಜಿ" ಎಂಬ ಶಬ್ದಕ್ಕೆ "ನಂಜು" ಎಂದು ಬರೆಯಬೇಡಿ. ನಮ್ಮ ಕಡೆ ಹಲಸು, ಬದನೆ, ಮೀನು ಗಾಯಕ್ಕೆ ನಂಜು ಎನ್ನುತ್ತಾರೆ. ನಂಜಾದರೆ ಎರಡು ದಿನ ಪಥ್ಯ ಮಾಡಿದರೆ ಸಾಕು ಎಂದು ಜನ ತಿಳಿಯುತ್ತಾರೆ. ಅಲರ್ಜಿ ಅಂಥದ್ದಲ್ಲ. "ಅಲರ್ಜಿ" ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಮಾತು, ಅದನ್ನೇ ಇಡಿ.

ನಮ್ಮ ದೇಶದ ನಿಯಮದ ಪ್ರಕಾರ ಹೇಳಲೇಬೇಕಾದವು: ಗೋಧಿ, ಬಾರ್ಲಿ, ಓಟ್ಸ್‌ನಂಥ ಗ್ಲುಟನ್ ಇರುವ ಧಾನ್ಯಗಳು, ಸಿಗಡಿ ಏಡಿಯಂಥವು, ಮೀನು, ಮೊಟ್ಟೆ, ಹಾಲು, ನೆಲಗಡಲೆ, ಗೇರುಬೀಜ ಬಾದಾಮಿಯಂಥ ಮರದ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್. ಎಳ್ಳು ಈ ಪಟ್ಟಿಯಲ್ಲಿಲ್ಲ. ಆದರೆ ಎಳ್ಳಿನ ಅಲರ್ಜಿ ಇರುವವರೂ ಇದ್ದಾರೆ, ಅಮೆರಿಕದಲ್ಲಿ 2023ರಿಂದ ಅದನ್ನೂ ಸೇರಿಸಿದ್ದಾರೆ. ಪದಾರ್ಥಗಳ ಪಟ್ಟಿಯಲ್ಲಿ ಎಳ್ಳಿನ ಹೆಸರು ತಪ್ಪಬಾರದು.

5. "ತಂಪಾದ ಜಾಗ" ಎಂದರೆ ಯಾವುದು?

"ಸ್ಟೋರ್ ಇನ್ ಎ ಕೂಲ್, ಡ್ರೈ ಪ್ಲೇಸ್" ಎಂಬುದನ್ನು "ತಂಪಾದ, ಒಣ ಜಾಗದಲ್ಲಿ ಶೇಖರಿಸಿ" ಎಂದು ಶಬ್ದಕ್ಕೆ ಶಬ್ದ ಇಡುತ್ತಾರೆ. ತಂಪು ಎಂದೊಡನೆ ಕೆಲವರು ಫ್ರಿಜ್ಜಿನಲ್ಲಿ ಇಡುತ್ತಾರೆ, ಕೆಲವರು ನೀರಿನ ಕೊಡದ ಹತ್ತಿರ ಇಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ತಂಪಾದ ಜಾಗವೆಲ್ಲಾ ತೇವದ ಜಾಗವೇ. ಫ್ರಿಜ್ಜಿನಿಂದ ತೆಗೆದ ಚಕ್ಕುಲಿ ತೆರೆದಿಟ್ಟರೆ ಅದರ ಮೇಲೆ ನೀರಿನ ಪಸೆ ಕೂತು ಮೆತ್ತಗಾಗುತ್ತದೆ.

ಇಂಗ್ಲಿಷಿನ ಉದ್ದೇಶ ಏನು ಎಂದು ಕೇಳಿಕೊಳ್ಳಿ. ಕರಿದ ತಿಂಡಿಗೆ ಎರಡು ಶತ್ರುಗಳು. ತೇವ ತಾಗಿದರೆ ಮೆತ್ತಗಾಗುತ್ತದೆ. ಶಾಖ, ಬೆಳಕು, ಗಾಳಿ ತಾಗಿದರೆ ಎಣ್ಣೆ ಕಮಟುತ್ತದೆ. ಆದ್ದರಿಂದ ಹೀಗೆ ಬರೆಯಬಹುದು: "ಬಿಸಿಲು, ಒಲೆಯ ಶಾಖ ಮತ್ತು ತೇವ ತಾಗದ ಜಾಗದಲ್ಲಿ ಇಡಿ. ತೆರೆದ ಮೇಲೆ ಗಾಳಿಯಾಡದ ಒಣ ಡಬ್ಬದಲ್ಲಿ ಮುಚ್ಚಿಡಿ."

ದಿನಾಂಕದಲ್ಲೂ ಎಚ್ಚರ ಬೇಕು. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ಎಂದರೆ ಆ ದಿನದ ನಂತರ ತಿನ್ನಬಾರದು. "ಬೆಸ್ಟ್ ಬಿಫೋರ್" ಎಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ. ಎರಡಕ್ಕೂ "ಅವಧಿ" ಎಂಬ ಒಂದೇ ಶಬ್ದ ಹಾಕಬೇಡಿ. 2020ರ ನಿಯಮದಲ್ಲಿ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಮತ್ತು ಎಕ್ಸ್‌ಪೈರಿ ದಿನಾಂಕ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಾದರೆ ಹೆಚ್ಚುವರಿಯಾಗಿ ಹಾಕಬಹುದು.

6. ಪೂರ್ತಿಯಾದ ಕನ್ನಡ ಲೇಬಲ್

ಅಕ್ಕಿ ಚಕ್ಕುಲಿ
ಪದಾರ್ಥಗಳು: ಅಕ್ಕಿ ಹಿಟ್ಟು, ಖಾದ್ಯ ಸಸ್ಯಜನ್ಯ ಎಣ್ಣೆ (ಪಾಮೋಲಿನ್), ಉದ್ದಿನ ಹಿಟ್ಟು, ಎಳ್ಳು, ಉಪ್ಪು, ಮೆಣಸಿನ ಪುಡಿ, ಇಂಗು (ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು).
ಅಲರ್ಜಿ ಸೂಚನೆ: ಇದರಲ್ಲಿ ಗೋಧಿ ಇದೆ. ನೆಲಗಡಲೆ (ಶೇಂಗಾ) ಇರಬಹುದು.
ಇಡುವ ಕ್ರಮ: ಬಿಸಿಲು, ಒಲೆಯ ಶಾಖ ಮತ್ತು ತೇವ ತಾಗದ ಜಾಗದಲ್ಲಿ ಇಡಿ. ತೆರೆದ ಮೇಲೆ ಗಾಳಿಯಾಡದ ಒಣ ಡಬ್ಬದಲ್ಲಿ ಮುಚ್ಚಿಡಿ.
ಪ್ಯಾಕ್ ಮಾಡಿದ ದಿನಾಂಕ:
ಈ ದಿನಾಂಕದ ನಂತರ ತಿನ್ನಬಾರದು:

ಇದು ನಾವು ಈ ಪಾಠದಲ್ಲಿ ನೋಡಿದ ಭಾಗ ಮಾತ್ರ. ತೂಕ, ವಿಳಾಸ, ಪರವಾನಗಿ ನಂಬರ್, ಪೋಷಕಾಂಶದ ಪಟ್ಟಿ, ಹಸಿರು ಚಿಹ್ನೆ ಮುಂತಾದವು ನಿಮ್ಮ ಇಂಗ್ಲಿಷ್ ಲೇಬಲಿನಲ್ಲಿ ಇರುವಂತೆಯೇ ಇರಲಿ.

7. ಅಚ್ಚಿಗೆ ಕೊಡುವ ಮೊದಲು

ಮುಂದಿನ ಸಭೆಯಲ್ಲಿ ಹೀಗೆ ಮಾಡಿ ನೋಡಿ. ಒಬ್ಬರು ಕನ್ನಡ ಲೇಬಲನ್ನು ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಬಲ್ಲ ಇನ್ನೊಬ್ಬರು ಇಂಗ್ಲಿಷ್ ಲೇಬಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಪದಾರ್ಥಕ್ಕೆ ಗೆರೆ ಹಾಕುತ್ತಾ ಹೋಗಲಿ. ಯಾವುದಕ್ಕೆ ಗೆರೆ ಬೀಳಲಿಲ್ಲವೋ ಅದು ಬಿಟ್ಟುಹೋಗಿದೆ.

ಆಮೇಲೆ ಇಂಗ್ಲಿಷ್ ಬಾರದ, ಲೇಬಲ್ ಬರೆಯುವಾಗ ಜೊತೆಗಿರದ ಸದಸ್ಯೆಯೊಬ್ಬರಿಗೆ ಪ್ಯಾಕೆಟ್ ಕೊಟ್ಟು ಮೂರು ಪ್ರಶ್ನೆ ಕೇಳಿ: ಇದನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ ಅಕ್ಕಾ? ಗೋಧಿ ಆಗದವರಿಗೆ ಕೊಡಬಹುದಾ? ನೆಲಗಡಲೆ ಆಗದ ಮಗುವಿಗೆ ಕೊಡಬಹುದಾ? ಮೊದಲನೆಯದಕ್ಕೆ "ಫ್ರಿಜ್ಜಿನಲ್ಲಿ" ಎಂದರೆ, ಉಳಿದ ಎರಡರಲ್ಲಿ ಒಂದಕ್ಕಾದರೂ "ಕೊಡಬಹುದು" ಎಂದರೆ, ಅಕ್ಕನಿಗೆ ಬುದ್ಧಿ ಹೇಳಬೇಡಿ. ಸಾಲನ್ನು ತಿದ್ದಿ, ಇನ್ನೊಬ್ಬರಿಗೆ ಕೊಟ್ಟು ಮತ್ತೆ ಕೇಳಿ.