ಪುನರಾವರ್ತಿತ ಅಳತೆ: ಅನೋವಾ ಸಾಕೇ, ಮಿಶ್ರ ಪರಿಣಾಮ ಮಾದರಿ ಬೇಕೇ?

ಉದಾಹರಣೆ: ಆರ್ ತಂತ್ರಾಂಶದ `lme4` ಪ್ಯಾಕೇಜಿನಲ್ಲಿರುವ `sleepstudy` ದತ್ತಾಂಶ. ನಿದ್ರೆ ಕಡಿತಗೊಳಿಸಿದ 18 ಜನರ ಪ್ರತಿಕ್ರಿಯಾ ಸಮಯವನ್ನು 10 ದಿನ ಅಳೆಯಲಾಗಿದೆ. ಒಟ್ಟು 180 ಅಳತೆಗಳು.

```
lmer(Reaction ~ Days + (Days | Subject), sleepstudy)
```

ಸ್ಥಿರ ಪರಿಣಾಮ: ಸರಾಸರಿಯಲ್ಲಿ ದಿನಕ್ಕೆ ಸುಮಾರು 10.5 ಮಿಲಿಸೆಕೆಂಡ್ ಏರಿಕೆ.
ಯಾದೃಚ್ಛಿಕ ಪರಿಣಾಮ: ಈ ಏರಿಕೆ ಎಲ್ಲರಲ್ಲೂ ಒಂದೇ ಅಲ್ಲ, ವ್ಯಕ್ತಿಯಿಂದ ವ್ಯಕ್ತಿಗೆ ಅದರ ಮಾನಕ ವಿಚಲನೆ ಸುಮಾರು 6.

ಮಿಶ್ರ ಮಾದರಿ ಮೇಲುಗೈ ಸಾಧಿಸುವುದು ಯಾವಾಗ?

1. ಅಳತೆ ತಪ್ಪಿದಾಗ: ಐವರಿಗೆ ತಲಾ ಒಂದು ದಿನದ ಅಳತೆ ಇಲ್ಲವೆನ್ನಿ. ಸಾಮಾನ್ಯ ಅನೋವಾ ಆ ಐವರನ್ನೇ ಕೈಬಿಟ್ಟು 130 ಅಳತೆಗಳಲ್ಲಿ ಲೆಕ್ಕ ಮುಗಿಸುತ್ತದೆ. ಮಿಶ್ರ ಮಾದರಿ 175ನ್ನೂ ಬಳಸುತ್ತದೆ.

2. ಗೋಳೀಯತೆ ಮುರಿದಾಗ: ಯಾವ ಎರಡು ದಿನಗಳ ವ್ಯತ್ಯಾಸ ತೆಗೆದರೂ ಅದರ ಮಾನಕ ವಿಚಲನೆ ಸಮಾನವಾಗಿರಬೇಕೆಂದು ಅನೋವಾ ಊಹಿಸುತ್ತದೆ. ಇಳಿಜಾರು ಒಬ್ಬೊಬ್ಬರಿಗೆ ಒಂದೊಂದಾದರೆ, ದೂರದ ದಿನಗಳ ವ್ಯತ್ಯಾಸ ಹೆಚ್ಚು ಚದುರುತ್ತದೆ. ಮೌಖ್ಲಿ ಪರೀಕ್ಷೆ ಇದನ್ನು ತೋರಿಸುತ್ತದೆ. ಗ್ರೀನ್‌ಹೌಸ್-ಗೈಸರ್ ತಿದ್ದುಪಡಿ ಸ್ವಾತಂತ್ರ್ಯ ಮಟ್ಟವನ್ನು ಇಳಿಸುತ್ತದೆ. ಮಿಶ್ರ ಮಾದರಿ ಆ ಚದುರುವಿಕೆಯನ್ನೇ ಅಂದಾಜಿಸುತ್ತದೆ.

ಮಿತಿ: ತೀರಾ ದಣಿದವರೇ ಪರೀಕ್ಷೆ ತಪ್ಪಿಸಿ, ಆ ದಣಿವು ದಾಖಲಾದ ಅಳತೆಗಳಲ್ಲಿ ಕಾಣದಿದ್ದರೆ ಎರಡೂ ವಿಧಾನಗಳು ದಾರಿ ತಪ್ಪುತ್ತವೆ.

ನೆನಪಿಡಿ: ದತ್ತಾಂಶ ಪೂರ್ಣ ಹಾಗೂ ಸಮತೋಲಿತವಾಗಿದ್ದು, ಗೋಳೀಯತೆಯೂ ಇದ್ದರೆ ಅನೋವಾ ಸಾಕು.